ಎಫ್‌ಸಿ 25 ಕೆರಿಯರ್: ಲೀಗ್ ಟೂ ಕ್ಲಬ್‌ಗೆ 4-3-3 ಕೂರುತ್ತಿಲ್ಲ. ಫಾರ್ಮೇಷನ್ ಬದಲಿಸಲಾ, ರೋಲ್ ಬದಲಿಸಲಾ?

ಸಕ್ಕರೆನಾಡು_11 (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಪಿಎಸ್5ನಲ್ಲಿ ಮ್ಯಾನೇಜರ್ ಕೆರಿಯರ್ ಆಡುತ್ತಿದ್ದೇನೆ. ಸ್ವಂತ ಕ್ಲಬ್ ಮಾಡುವ ಆಯ್ಕೆ ಇದೆಯಲ್ಲ, ಅದರಲ್ಲಿ ನಮ್ಮೂರ ಹೆಸರಲ್ಲೇ ಒಂದು ಕ್ಲಬ್ ಮಾಡಿ ಇಂಗ್ಲೆಂಡಿನ ಲೀಗ್ ಟೂಗೆ ಹಾಕಿದೆ. ತಂಡದ ಮಟ್ಟ ಕಡಿಮೆಯಲ್ಲೇ ಇಟ್ಟಿದ್ದೇನೆ, ಕೆಳಗಿನಿಂದ ಕಟ್ಟಬೇಕು ಅಂತ ಆಸೆ. ಕಷ್ಟದ ಮಟ್ಟ ವರ್ಲ್ಡ್ ಕ್ಲಾಸ್, ಒಂದು ಹಾಫ್‌ಗೆ ಆರು ನಿಮಿಷ.

ಈಗ ಸೀಸನ್ ಅರ್ಧಕ್ಕೆ ಬಂದಿದೆ. 24 ತಂಡಗಳಲ್ಲಿ 21ನೇ ಸ್ಥಾನ. ಆಡುತ್ತಿರುವುದು 4-3-3, ಶಾರ್ಟ್ ಪಾಸಿಂಗ್, ಡಿಫೆನ್ಸ್ ಲೈನ್ 70. ಚೆಂಡು ನಮ್ಮ ಹತ್ತಿರವೇ ಜಾಸ್ತಿ ಇರುತ್ತದೆ. ಆದರೂ 1-3, 0-2 ಅಂತ ಸೋಲುತ್ತಿದ್ದೇವೆ. ಎದುರಾಳಿ ಮೂರು ಸಲ ಬಂದರೆ ಎರಡು ಗೋಲು ಹೊಡೆದು ಹೋಗುತ್ತಾನೆ.

ನನ್ನ ಪ್ರಶ್ನೆ ಇಷ್ಟೇ. ಜನವರಿ ಕಿಟಕಿ ಹತ್ತಿರ ಇದೆ, ದುಡ್ಡು ತೀರಾ ಕಡಿಮೆ. 4-3-3 ಇಟ್ಟುಕೊಂಡು ಅದಕ್ಕೆ ಹೊಂದುವ ಆಟಗಾರರನ್ನು ಹುಡುಕಲಾ? ಅಥವಾ ಇರುವವರಿಗೆ ತಕ್ಕ ಹಾಗೆ ಬೇರೆ ಫಾರ್ಮೇಷನ್ ಹಿಡಿಯಲಾ? ರೋಲ್ ವಿಷಯ ನನಗೆ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಹೆಸರು ಚೆನ್ನಾಗಿದೆ ಅಂತ ಎರಡೂ ಕಡೆ ಅಟ್ಯಾಕಿಂಗ್ ವಿಂಗ್‌ಬ್ಯಾಕ್ ಇಟ್ಟಿದ್ದೇನೆ.

ಕುವೆಂಪುನಗರ_ಕೀಪರ್

ಗುರು, ಕಣ್ಣು ಮುಚ್ಚಿಕೊಂಡು 3-5-2 ಹಾಕು. ರೆಕ್ಸಮ್ ಏನು ಮಾಡಿತು ನೋಡು. ಫಿಲ್ ಪಾರ್ಕಿನ್ಸನ್ ಮೂರು ಸೆಂಟರ್ ಬ್ಯಾಕ್ ಇಟ್ಟುಕೊಂಡೇ ಲೀಗ್ ಟೂನಿಂದ 2024ರಲ್ಲಿ ಮೇಲೆ ಹತ್ತಿಸಿದ, ಮಾರನೇ ವರ್ಷ ಲೀಗ್ ಒನ್‌ನಿಂದಲೂ ಹತ್ತಿಸಿದ. ಮುಂದೆ ಇಬ್ಬರು ಸ್ಟ್ರೈಕರ್, ಹಿಂದೆ ಮೂವರು ಗಟ್ಟಿ ಆಳುಗಳು, ಪಕ್ಕದಲ್ಲಿ ಇಬ್ಬರು ಓಡುವವರು. ಕೆಳಗಿನ ಲೀಗ್‌ನಲ್ಲಿ ಅಷ್ಟು ಸಾಕು. ಚೆಂಡು ಇಟ್ಟುಕೊಂಡು ಆಟ ಆಡಿಸುವುದೆಲ್ಲ ಪ್ರೀಮಿಯರ್ ಲೀಗ್‌ಗೆ ಬಂದ ಮೇಲೆ ನೋಡಿಕೊಳ್ಳೋಣ.

ಪಾಂಡವಪುರ_ಪ್ಲೇಯರ್

ಬ್ರೋ, ದುಡ್ಡು ಕಡಿಮೆ ಇದ್ದರೆ ದಿನಾ ಸ್ಕ್ವಾಡ್ ಬ್ಯಾಟಲ್ಸ್ ಆಡಿ ಕಾಯಿನ್ ಕೂಡಿಸಿ. ವಾರದ ಕೊನೆಗೆ ಪ್ಯಾಕ್ ಸಿಗುತ್ತದೆ. ಒಬ್ಬ ಫಾಸ್ಟ್ ಸೆಂಟರ್ ಬ್ಯಾಕ್ ಕಾರ್ಡ್ ಸಿಕ್ಕಿದರೆ ನಿಮ್ಮ ಅರ್ಧ ಸಮಸ್ಯೆ ಮುಗೀತು. ನಾನು ಹಾಗೇ ಮಾಡಿದ್ದು.

ಸಕ್ಕರೆನಾಡು_11 (ಮಂಡ್ಯ)

ಬ್ರೋ, ನೀವು ಹೇಳುತ್ತಿರುವುದು ಅಲ್ಟಿಮೇಟ್ ಟೀಮ್. ನನ್ನದು ಕೆರಿಯರ್ ಮೋಡ್. ಇಲ್ಲಿ ಕಾರ್ಡೂ ಇಲ್ಲ, ಕಾಯಿನ್ನೂ ಇಲ್ಲ. ಕ್ಲಬ್ ಕೊಟ್ಟ ಬಜೆಟ್‌ನಲ್ಲೇ ಆಗಬೇಕು.

ಚಾಮುಂಡಿ_ತಪ್ಪಲು (ಮೈಸೂರು)

ಫಾರ್ಮೇಷನ್ ಯಾವುದು ಅಂತ ಈಗಲೇ ಹೇಳುವುದಿಲ್ಲ. ಮೊದಲು ಎರಡು ವಿಷಯ ತಿಳಿಸಿ.

ಒಂದು, ಈಚೆಗೆ ಬಿದ್ದ ಗೋಲುಗಳು ಹೇಗೆ ಬಿದ್ದವು? ಕ್ರಾಸ್‌ನಿಂದಲಾ, ದೂರದ ಹೊಡೆತದಿಂದಲಾ, ಡಿಫೆನ್ಸ್ ಹಿಂದೆ ಓಡಿ ಬಂದದ್ದಾ? ಯಾವ ಕಡೆಯಿಂದ ಜಾಸ್ತಿ? ರೀಪ್ಲೇ ಬಂದಾಗ ಹಾರಿಸಬೇಡಿ. ಗೋಲು ಹೊಡೆದವನನ್ನು ಬಿಟ್ಟು, ಚೆಂಡು ನಮ್ಮಿಂದ ಎಲ್ಲಿ ಹೋಯಿತು, ಆಗ ನಮ್ಮ ಎಷ್ಟು ಜನ ಚೆಂಡಿನ ಹಿಂದೆ ಇದ್ದರು, ಅದನ್ನು ನೋಡಿ.

ಎರಡು, ಮೊದಲ ಹನ್ನೊಂದು ಜನರ ವಿವರ. ಓವರಾಲ್ ಮುಖ್ಯ ಅಲ್ಲ. ಲೀಗ್ ಟೂನಲ್ಲಿ ಹೆಚ್ಚುಕಮ್ಮಿ ಎಲ್ಲರೂ 58ರಿಂದ 66ರ ಒಳಗೇ ಇರುತ್ತಾರೆ. ವೇಗ, ಸ್ಟ್ಯಾಮಿನಾ, ಎತ್ತರ, ಮತ್ತೆ ಯಾವ ರೋಲ್ ಪಕ್ಕದಲ್ಲಿ ಪ್ಲಸ್ ಅಥವಾ ಪ್ಲಸ್ ಪ್ಲಸ್ ಇದೆ ಅನ್ನುವುದು ಬೇಕು. ಎಫ್‌ಸಿ 24ರವರೆಗೆ ವರ್ಕ್ ರೇಟ್ ಇತ್ತು. ಆಟಗಾರ ಎಷ್ಟು ಮುಂದೆ ಹೋಗುತ್ತಾನೆ, ಎಷ್ಟು ಹಿಂದೆ ಬರುತ್ತಾನೆ ಅನ್ನುವುದನ್ನು ಅದು ತೀರ್ಮಾನ ಮಾಡುತ್ತಿತ್ತು. 25ರಲ್ಲಿ ಅದನ್ನು ತೆಗೆದುಬಿಟ್ಟರು. ಈಗ ಆ ಕೆಲಸ ಪೂರ್ತಿ ರೋಲ್‌ನದ್ದು. ಅಂದರೆ ರೋಲ್ ಕೊಡುವಾಗ, ಚೆಂಡು ನಮ್ಮ ಹತ್ತಿರ ಇದ್ದಾಗ ಅವನು ಎಲ್ಲಿ ನಿಲ್ಲಬೇಕು ಅಂತ ನೀವೇ ಹೇಳುತ್ತಿದ್ದೀರಿ.

ಸಕ್ಕರೆನಾಡು_11 (ಮಂಡ್ಯ)

ಸರ್, ನಿನ್ನೆ ರಾತ್ರಿ ಕೂತು ನೋಡಿದೆ. ಒಂದೆರಡು ಕಾರ್ನರ್ ಬಿಟ್ಟರೆ ಉಳಿದೆಲ್ಲ ಒಂದೇ ತರಹ. ನಮ್ಮ ಪಾಸ್ ಎದುರಾಳಿ ಬಾಕ್ಸ್ ಹತ್ತಿರ ತಪ್ಪುತ್ತದೆ. ಅವನು ಒಂದೇ ಉದ್ದ ಪಾಸ್ ನಮ್ಮ ಬಲಗಡೆ, ರೈಟ್ ಬ್ಯಾಕ್ ಬಿಟ್ಟುಹೋದ ಜಾಗಕ್ಕೆ ಹಾಕುತ್ತಾನೆ. ಸೆಂಟರ್ ಬ್ಯಾಕ್ ಓಡುತ್ತಾನೆ, ಸಿಗುವುದಿಲ್ಲ, ಗೋಲು.

ಆಟಗಾರರು ಹೀಗಿದ್ದಾರೆ. ಸೆಂಟರ್ ಬ್ಯಾಕ್ ಇಬ್ಬರೂ ಎತ್ತರ, ಹೆಡರ್ ಚೆನ್ನಾಗಿದೆ, ಆದರೆ ಸ್ಪ್ರಿಂಟ್ 44 ಮತ್ತು 48. ಮೂರನೆಯವನು 57 ಓವರಾಲ್, ಆಡಿಸಲು ಧೈರ್ಯ ಬರುವುದಿಲ್ಲ. ಲೆಫ್ಟ್ ಬ್ಯಾಕ್ ನಮ್ಮ ಹೀರೋ. 20 ವಯಸ್ಸು, ವೇಗ 82, ಸ್ಟ್ಯಾಮಿನಾ 80, ವಿಂಗ್‌ಬ್ಯಾಕ್ ಪ್ಲಸ್ ಪ್ಲಸ್. ರೈಟ್ ಬ್ಯಾಕ್‌ಗೆ 31, ವೇಗ 55, ಫುಲ್‌ಬ್ಯಾಕ್ ಪ್ಲಸ್.

ಮಿಡ್‌ಫೀಲ್ಡ್‌ನಲ್ಲಿ ಮೂವರು. ಒಬ್ಬ ಟ್ಯಾಕಲ್ ಮಾಡುವವನು, ಸ್ಟ್ಯಾಮಿನಾ 84, ಹೋಲ್ಡಿಂಗ್ ಪ್ಲಸ್, ಆದರೆ ಶಾರ್ಟ್ ಪಾಸ್ 58. ಒಬ್ಬ ಹುಡುಗ, ಬಾಕ್ಸ್-ಟು-ಬಾಕ್ಸ್ ಪ್ಲಸ್, ಸ್ಟ್ಯಾಮಿನಾ 78. ಇನ್ನೊಬ್ಬರು 33 ವಯಸ್ಸಿನ ಹಿರಿಯರು. ತಂಡದಲ್ಲಿ ಪಾಸ್ ಬರುವುದು ಅವರಿಗೊಬ್ಬರಿಗೇ, ಡೀಪ್-ಲೈಯಿಂಗ್ ಪ್ಲೇಮೇಕರ್ ಪ್ಲಸ್ ಪ್ಲಸ್, ಆದರೆ ಸ್ಟ್ಯಾಮಿನಾ 52.

ಬಲ ವಿಂಗರ್‌ಗೆ ಕ್ರಾಸ್ 65, ವಿಂಗರ್ ಪ್ಲಸ್. ಎಡಗಡೆಯವನು ಬಲಗಾಲಿನವನು, ಇನ್‌ಸೈಡ್ ಫಾರ್ವರ್ಡ್ ಪ್ಲಸ್. ಸ್ಟ್ರೈಕರ್ ಆರಡಿ ನಾಲ್ಕಿಂಚು, ಬಲ 86, ವೇಗ 40, ಟಾರ್ಗೆಟ್ ಫಾರ್ವರ್ಡ್ ಪ್ಲಸ್ ಪ್ಲಸ್. ಬೆಂಚ್‌ನಲ್ಲಿ 19ರ ಹುಡುಗ, ಐದಡಿ ಎಂಟು, ವೇಗ 84, ಪೋಚರ್ ಪ್ಲಸ್. ದೊಡ್ಡವನನ್ನು ಸದ್ಯ ಫಾಲ್ಸ್ 9 ಆಗಿ ಆಡಿಸುತ್ತಿದ್ದೇನೆ, ಪಾಸಿಂಗ್ ಆಟಕ್ಕೆ ಅದು ಬೇಕು ಅಂತ ಎಲ್ಲೋ ಓದಿದ್ದೆ.

ಚಾಮುಂಡಿ_ತಪ್ಪಲು (ಮೈಸೂರು)

ಚೆನ್ನಾಗಿ ಬರೆದಿದ್ದೀರಿ. ಉತ್ತರ ನಿಮ್ಮ ಬರಹದಲ್ಲೇ ಇದೆ.

ನಿಮ್ಮ 4-3-3ರಲ್ಲಿ ದಾಳಿ ಮಾಡುವಾಗ ಹಿಂದೆ ಯಾರು ಉಳಿಯುತ್ತಾರೆ ಎಣಿಸಿ. ಎರಡೂ ಫುಲ್‌ಬ್ಯಾಕ್‌ಗಳು ಅಟ್ಯಾಕಿಂಗ್ ವಿಂಗ್‌ಬ್ಯಾಕ್, ಹಾಗಾಗಿ ಇಬ್ಬರೂ ಎದುರಾಳಿ ಬಾಕ್ಸ್ ಪಕ್ಕ ಇರುತ್ತಾರೆ. ಉಳಿದದ್ದು ಇಬ್ಬರು ಸೆಂಟರ್ ಬ್ಯಾಕ್, ಅವರ ಮುಂದೆ ಒಬ್ಬ ಹೋಲ್ಡಿಂಗ್. ಮೂರೇ ಜನ. ಅದರಲ್ಲಿ ಇಬ್ಬರ ಸ್ಪ್ರಿಂಟ್ 50 ದಾಟುವುದಿಲ್ಲ. ಲೈನ್ 70 ಅಂದರೆ ಆ ನಿಧಾನದ ಇಬ್ಬರನ್ನು ಮೈದಾನದ ನಡುಗೆರೆ ಹತ್ತಿರ ನಿಲ್ಲಿಸಿದ್ದೀರಿ, ಅವರ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. 31 ವಯಸ್ಸಿನ ರೈಟ್ ಬ್ಯಾಕ್ ಮುಂದೆ ಹೋದವನು 55 ವೇಗದಲ್ಲಿ ವಾಪಸ್ ಬರುವಷ್ಟರಲ್ಲಿ ಗೋಲು ಆಗಿರುತ್ತದೆ. ಇಲ್ಲಿ ಹಾಳಾಗಿರುವುದು ಡಿಫೆಂಡರ್‌ಗಳಲ್ಲ, ಅವರು ನಿಂತಿರುವ ಜಾಗ.

ಕೆಳಗಿನ ಲೀಗ್‌ನಲ್ಲಿ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಮ್ಮ ದಾಳಿ ನಡೆಯುವಾಗ ಕೀಪರ್ ಬಿಟ್ಟು ನಾಲ್ಕು ಜನ ಹಿಂದೆ ಇರಬೇಕು. ಮೇಲಿನ ಲೀಗ್‌ನಲ್ಲಿ ಮೂವರು ಸಾಕಾಗಬಹುದು, ಅಲ್ಲಿ ಪಾಸ್ ಕಡಿಮೆ ತಪ್ಪುತ್ತದೆ, ಸೆಂಟರ್ ಬ್ಯಾಕ್‌ಗಳು ಓಡಿ ಹಿಡಿಯುತ್ತಾರೆ. ಶಾರ್ಟ್ ಪಾಸ್ 58 ಇರುವವನ ಕಾಲಲ್ಲಿ ಒತ್ತಡದಲ್ಲಿ ಪಾಸ್ ತಪ್ಪಿಯೇ ತಪ್ಪುತ್ತದೆ. ತಪ್ಪುತ್ತದೆ ಅಂತ ಇಟ್ಟುಕೊಂಡೇ ತಂಡ ಕಟ್ಟಬೇಕು.

ಇನ್ನು ಫಾರ್ಮೇಷನ್. ನಿಮ್ಮ ಹತ್ತಿರ ಪ್ಲಸ್ ಪ್ಲಸ್ ಇರುವವರು ಮೂವರು: ಲೆಫ್ಟ್ ಬ್ಯಾಕ್, ಟಾರ್ಗೆಟ್ ಫಾರ್ವರ್ಡ್, ಆ ಹಿರಿಯರು. ಹಿರಿಯರ ಮಾತು ಆಮೇಲೆ. ಮೊದಲಿನ ಇಬ್ಬರಿಗೆ ಅವರ ಕೆಲಸ ಕೊಡುವ ಫಾರ್ಮೇಷನ್ ಬೇಕು. ಫಾಲ್ಸ್ 9 ಹಿಂದಕ್ಕೆ ಬಂದು, ತಿರುಗಿ, ಪಾಸ್ ಕೊಡಬೇಕು. ಆರಡಿ ನಾಲ್ಕಿಂಚಿನ, ವೇಗ 40ರ ಆಳಿಗೆ ಅದು ಕೆಲಸವೇ ಅಲ್ಲ. ಅವನು ಬಾಕ್ಸ್‌ನಿಂದ ಹೊರಗೆ ಬಂದರೆ ನಿಮ್ಮ ವಿಂಗರ್ ಕ್ರಾಸ್ ಹಾಕಲು ಒಳಗೆ ಯಾರೂ ಇರುವುದಿಲ್ಲ. ಅವನ ಎತ್ತರ ಪೂರ್ತಿ ದಂಡ. ಅವನನ್ನು ಟಾರ್ಗೆಟ್ ಫಾರ್ವರ್ಡ್ ಮಾಡಿ, ಪಕ್ಕದಲ್ಲಿ ಆ ಹುಡುಗನನ್ನು ಪೋಚರ್ ಆಗಿ ನಿಲ್ಲಿಸಿ. ಒಬ್ಬ ತಲೆಯಿಂದ ಇಳಿಸುತ್ತಾನೆ, ಇನ್ನೊಬ್ಬ ಹಿಂದೆ ಓಡುತ್ತಾನೆ. ಹಾಗಾದರೆ ಸ್ಟ್ರೈಕರ್ ಇಬ್ಬರು ಬೇಕು, ಎರಡೂ ಪಕ್ಕದಲ್ಲಿ ಜನ ಬೇಕು. ಮಾಮೂಲಿ 4-4-2.

ಈಗ ರೋಲ್. ಲೆಫ್ಟ್ ಬ್ಯಾಕ್ ವಿಂಗ್‌ಬ್ಯಾಕ್, ಬ್ಯಾಲೆನ್ಸ್ಡ್. ಅವನು ಮುಂದೆ ಹೋಗಲಿ. ರೈಟ್ ಬ್ಯಾಕ್ ಫುಲ್‌ಬ್ಯಾಕ್, ಡಿಫೆಂಡ್. ಅವನು ಸೆಂಟರ್ ಬ್ಯಾಕ್‌ಗಳ ಪಕ್ಕದಲ್ಲೇ ಉಳಿಯುತ್ತಾನೆ. ಎಡ ಮಿಡ್‌ಫೀಲ್ಡರ್ ಇನ್‌ಸೈಡ್ ಫಾರ್ವರ್ಡ್, ಅವನು ಒಳಗೆ ಬಂದರೆ ಗೆರೆ ಪಕ್ಕದ ದಾರಿ ಲೆಫ್ಟ್ ಬ್ಯಾಕ್‌ಗೆ ತೆರೆಯುತ್ತದೆ. ಬಲಗಡೆ ವಿಂಗರ್, ಅಗಲಕ್ಕೆ ನಿಂತು ಕ್ರಾಸ್ ಹಾಕಲಿ. ಅವನ ಹಿಂದೆ ಓಡಿ ಬರುವವರು ಯಾರೂ ಬೇಡ. ಮಧ್ಯದಲ್ಲಿ ಟ್ಯಾಕಲ್ ಮಾಡುವವನು ಹೋಲ್ಡಿಂಗ್, ಡಿಫೆಂಡ್. ಇವನನ್ನು ಎಡಗಡೆಯ ಸೆಂಟ್ರಲ್ ಮಿಡ್‌ಫೀಲ್ಡರ್ ಜಾಗದಲ್ಲಿ ಇಡಿ. ಇದು ಮುಖ್ಯ. ಲೆಫ್ಟ್ ಬ್ಯಾಕ್ ಖಾಲಿ ಮಾಡಿದ ಜಾಗ ಅವನ ಬೆನ್ನ ಹಿಂದೆಯೇ ಇರುತ್ತದೆ. ಪಕ್ಕದಲ್ಲಿ ಬಾಕ್ಸ್-ಟು-ಬಾಕ್ಸ್ ಹುಡುಗ.

ಎಣಿಸಿ ನೋಡಿ: ಇಬ್ಬರು ಸೆಂಟರ್ ಬ್ಯಾಕ್, ರೈಟ್ ಬ್ಯಾಕ್, ಹೋಲ್ಡಿಂಗ್. ನಾಲ್ಕು. ಮುಂದೆ ಆರು ಜನ ಹೋಗುತ್ತಾರೆ, ಅದು ಸಾಕು.

ಲೈನ್ ಅನ್ನು 70ರಿಂದ 45ಕ್ಕೆ ಇಳಿಸಿ. ಬಿಲ್ಡ್-ಅಪ್ ಬ್ಯಾಲೆನ್ಸ್ಡ್ ಇಡಿ. ಕೌಂಟರ್ ಹಾಕಬೇಡಿ, ಚೆಂಡು ಸಿಕ್ಕ ಕೂಡಲೇ ಎಲ್ಲರೂ ಮುಂದೆ ನುಗ್ಗಿದರೆ ಈಗ ಮಾಡಿದ ಲೆಕ್ಕ ಕೆಡುತ್ತದೆ. ಆಟ ಶುರು ಮಾಡುವ ಮೊದಲು ಟ್ಯಾಕ್ಟಿಕ್ಸ್ ಸ್ಕ್ರೀನ್‌ನಲ್ಲಿ ಚೆಂಡು ನಮ್ಮ ಹತ್ತಿರ ಇದ್ದಾಗಿನ ಚಿತ್ರ ತೆಗೆದು ನೋಡಿ. ಅಲ್ಲಿ ಹಿಂದೆ ನಾಲ್ಕು ಚುಕ್ಕೆ ಕಾಣಬೇಕು.

ಕುವೆಂಪುನಗರ_ಕೀಪರ್

ಸರ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅದೇ ನಾಲ್ಕು ಜನ 3-5-2ರಲ್ಲೂ ಸಿಗುತ್ತಾರೆ. ಮೂರು ಸೆಂಟರ್ ಬ್ಯಾಕ್ ಜೊತೆ ಒಬ್ಬ ಹೋಲ್ಡಿಂಗ್. ಆ ಲೆಫ್ಟ್ ಬ್ಯಾಕ್ ಇನ್ನೂ ಮೇಲೆ ಆಡಬಹುದು. ಮುಂದೆ ಇಬ್ಬರು ಸ್ಟ್ರೈಕರ್ ಇದ್ದೇ ಇರುತ್ತಾರೆ. ರೆಕ್ಸಮ್‌ನಲ್ಲೂ ಆಲಿ ಪಾಮರ್ ಅಂತ ಎತ್ತರದ ಆಳು, ಅವನ ಪಕ್ಕ ಪಾಲ್ ಮಲಿನ್. ಮಲಿನ್ ಆ ಸೀಸನ್‌ನಲ್ಲಿ ಲೀಗ್‌ನಲ್ಲೇ 24 ಗೋಲು ಹೊಡೆದ. ಇವರ ಜೋಡಿ ಅದಕ್ಕೆ ಸರಿಯಾಗಿ ಹೋಲುತ್ತದೆ.

ಚಾಮುಂಡಿ_ತಪ್ಪಲು (ಮೈಸೂರು)

ಜೋಡಿ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಲೆಕ್ಕವೂ ಸರಿ. ಆದರೆ ಆಟದೊಳಗೆ ಎರಡು ತೊಡಕಿವೆ.

25ರಲ್ಲಿ ಲೆಫ್ಟ್ ವಿಂಗ್‌ಬ್ಯಾಕ್, ರೈಟ್ ವಿಂಗ್‌ಬ್ಯಾಕ್ ಅನ್ನುವ ಪೊಸಿಷನ್‌ಗಳೇ ಇಲ್ಲ. ವಿಂಗ್‌ಬ್ಯಾಕ್ ಈಗ ಬರೀ ಒಂದು ರೋಲ್. 3-5-2 ಹಾಕಿದರೆ ಪಕ್ಕದ ಇಬ್ಬರು ಲೆಫ್ಟ್ ಮಿಡ್, ರೈಟ್ ಮಿಡ್ ಆಗುತ್ತಾರೆ. ಅವರ ಲೆಫ್ಟ್ ಬ್ಯಾಕ್‌ಗೆ ಲೆಫ್ಟ್ ಮಿಡ್ ಎರಡನೇ ಪೊಸಿಷನ್ ಆಗಿ ಇಲ್ಲದಿದ್ದರೆ ಅವನು ತನ್ನದಲ್ಲದ ಜಾಗದಲ್ಲಿ ಆಡುತ್ತಾನೆ. ಆ ಪ್ಲಸ್ ಪ್ಲಸ್ ಫುಲ್‌ಬ್ಯಾಕ್ ಜಾಗದ ರೋಲ್‌ಗೆ ಸಿಕ್ಕಿದ್ದು, ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ತಂಡದ ಒಬ್ಬ ಒಳ್ಳೆಯ ಆಟಗಾರನನ್ನು ನಾವೇ ಕೆಡಿಸಿದ ಹಾಗೆ. ಐದು ಜನರ ಡಿಫೆನ್ಸ್ ಬೇಕೇ ಬೇಕು ಅಂದರೆ 5-3-2 ಹಾಕಬೇಕು, ಅಲ್ಲಿ ಪಕ್ಕದವರು ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್ ಆಗಿಯೇ ಉಳಿಯುತ್ತಾರೆ. ಆದರೆ ಆಗ ಬಲಗಡೆ ಪೂರ್ತಿ ದಾಳಿ 31 ವಯಸ್ಸಿನ, ವೇಗ 55ರ ರೈಟ್ ಬ್ಯಾಕ್ ತಲೆ ಮೇಲೆ. ವಿಂಗರ್‌ಗೆ ಜಾಗವೇ ಇಲ್ಲ.

ಎರಡನೆಯದು, ಮೂರನೇ ಸೆಂಟರ್ ಬ್ಯಾಕ್ 57. ಲೀಗ್ ಟೂನಲ್ಲಿ 46 ಮ್ಯಾಚ್, ಜೊತೆಗೆ ಕಪ್ ಮ್ಯಾಚ್‌ಗಳು. ಮೂರು ಸೆಂಟರ್ ಬ್ಯಾಕ್ ಆಡಿಸಬೇಕು ಅಂದರೆ ನಂಬಿಕೆಯ ನಾಲ್ಕೈದು ಜನ ಬೇಕು. ರೆಕ್ಸಮ್‌ಗೆ ಆ ಲೀಗ್‌ನ ಮಟ್ಟಕ್ಕಿಂತ ದೊಡ್ಡ ಖರ್ಚು ಮಾಡುವ ಶಕ್ತಿ ಇತ್ತು. ಇವರಿಗೆ ಇಲ್ಲ.

ಹೀಗೇ ಇನ್ನೊಂದು ವಿಷಯ ಗಮನಿಸಿ. 4-4-2ರಲ್ಲೇ ಹೋಲ್ಡಿಂಗ್ ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ಮಧ್ಯದ ಇಬ್ಬರೂ ಡಿಫೆನ್ಸಿವ್ ಮಿಡ್. ಆ ಪೊಸಿಷನ್‌ಗೆ 25ರಲ್ಲಿ ಬಾಕ್ಸ್-ಟು-ಬಾಕ್ಸ್ ರೋಲೇ ಸಿಗುವುದಿಲ್ಲ. ಹೆಸರು ಒಂದೇ ಅಂತ ಅದನ್ನು ಹಾಕಿಬಿಟ್ಟರೆ ಆ ಹುಡುಗನ ಓಟ ಹೋಗುತ್ತದೆ.

ಸರಸ್ವತಿಪುರಂ_ಶ್ರುತಿ

ನಾನೂ ಲೀಗ್ ಟೂನಲ್ಲೇ ಒಂದು ಸೇವ್ ಆಡುತ್ತಿದ್ದೇನೆ. ಚಾಮುಂಡಿ_ತಪ್ಪಲು ಸರ್ ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನಗೆ ಒಪ್ಪಿಗೆ ಇಲ್ಲ. ಆ 33ರ ಪ್ಲೇಮೇಕರ್‌ನ ಆಮೇಲೆ ನೋಡೋಣ ಅಂತ ಪಕ್ಕಕ್ಕೆ ಇಟ್ಟಿರಿ. ನನ್ನ ಪ್ರಕಾರ ಅವರೇ ಮೊದಲು ಆಡಬೇಕು.

ಕಾರಣ ಹೇಳುತ್ತೇನೆ. ಹೋಲ್ಡಿಂಗ್ ಮತ್ತು ಬಾಕ್ಸ್-ಟು-ಬಾಕ್ಸ್ ಜೋಡಿಯಲ್ಲಿ ಇಬ್ಬರಿಗೂ ಪಾಸ್ ಬರುವುದಿಲ್ಲ. ನಾನು ಹೀಗೇ ಆಡಿಸಿದಾಗ ಚೆಂಡು ಸೆಂಟರ್ ಬ್ಯಾಕ್‌ನಿಂದ ನೇರ ದೊಡ್ಡ ಸ್ಟ್ರೈಕರ್ ತಲೆಗೆ, ಅಲ್ಲಿಂದ ಎದುರಾಳಿಗೆ. ಇಡೀ ಮ್ಯಾಚ್ ಚೆಂಡು ನಮ್ಮ ತಲೆ ಮೇಲೇ ಹಾರಾಡುತ್ತದೆ. ಟಾರ್ಗೆಟ್ ಫಾರ್ವರ್ಡ್‌ಗೂ ಒಳ್ಳೆಯ ಚೆಂಡು ಬೇಕಲ್ವಾ? ಸೆಂಟರ್ ಬ್ಯಾಕ್ ಹೊಡೆದ ಕುರುಡು ಪಾಸ್‌ಗೂ, ಪ್ಲೇಮೇಕರ್ ನೋಡಿ ವಿಂಗರ್ ಕಾಲಿಗೆ ಹಾಕಿದ ಪಾಸ್‌ಗೂ ಬಹಳ ವ್ಯತ್ಯಾಸ ಇದೆ. ನಾನು ನನ್ನ ಹಳೆಯ ಪ್ಲೇಮೇಕರ್‌ನ ಮೊದಲಿಂದ ಆಡಿಸಿ 60ನೇ ನಿಮಿಷದ ಹತ್ತಿರ ಹುಡುಗನನ್ನು ಇಳಿಸುತ್ತೇನೆ. ಮೊದಲ ಒಂದು ಗಂಟೆಯಲ್ಲಿ ಗೋಲು ಸಿಗುತ್ತದೆ, ಆಮೇಲೆ ಓಡುವವನು ಬಂದು ಕಾಪಾಡಿಕೊಳ್ಳುತ್ತಾನೆ.

ಹಿಂದೆ ನಾಲ್ಕು ಜನ ಅನ್ನುವ ನಿಮ್ಮ ಲೆಕ್ಕಕ್ಕೂ ಇದು ಒಳ್ಳೆಯದು. ಡೀಪ್-ಲೈಯಿಂಗ್ ಪ್ಲೇಮೇಕರ್‌ಗೆ ಡಿಫೆಂಡ್ ಫೋಕಸ್ ಕೊಟ್ಟರೆ ಅವರೂ ಹಿಂದೆಯೇ ನಿಲ್ಲುತ್ತಾರೆ. ಐದು ಜನ ಆಗುತ್ತಾರೆ.

ಚಾಮುಂಡಿ_ತಪ್ಪಲು (ಮೈಸೂರು)

ಶ್ರುತಿ ಅವರೇ, ಪಾಸ್ ವಿಷಯದಲ್ಲಿ ನಿಮ್ಮ ಮಾತು ತೂಕದ್ದು. ನನ್ನ ಭಯ ಬೇರೆ. 4-4-2ರಲ್ಲಿ ಮಧ್ಯದಲ್ಲಿ ಇರುವುದೇ ಇಬ್ಬರು. ಎದುರಾಳಿ ಮೂವರು ಇಟ್ಟರೆ ನಮ್ಮ ಇಬ್ಬರೂ ಪಕ್ಕದಿಂದ ಪಕ್ಕಕ್ಕೆ ಓಡುತ್ತಲೇ ಇರಬೇಕು. ಸ್ಟ್ಯಾಮಿನಾ 52 ಇರುವವರು ಆ ಕೆಲಸದಲ್ಲಿ 45 ನಿಮಿಷಕ್ಕೇ ಸುಸ್ತಾಗುತ್ತಾರೆ. ಸುಸ್ತಾದ ಮೇಲೆ ಅವರ ಪಾಸೂ ಕೆಡುತ್ತದೆ, ಆಗ ಅವರನ್ನು ಆಡಿಸಿದ ಉದ್ದೇಶವೇ ಹೋಯಿತು. ಹಿಂದೆ ಐದು ಜನ ನಿಂತರೆ ಮುಂದೆ ಐದೇ ಜನ. ಟಾರ್ಗೆಟ್ ಫಾರ್ವರ್ಡ್ ಇಳಿಸಿದ ಚೆಂಡನ್ನು ಬಾಕ್ಸ್ ಹೊರಗೆ ಹೆಕ್ಕುವವರು ಯಾರು? ಅದು ಬಾಕ್ಸ್-ಟು-ಬಾಕ್ಸ್ ಹುಡುಗನ ಕೆಲಸ.

ನಾನಾದರೆ ಹಿರಿಯರನ್ನು 60ನೇ ನಿಮಿಷಕ್ಕೆ ಇಳಿಸುತ್ತೇನೆ. ಆಗ ಎದುರಾಳಿಯೂ ದಣಿದಿರುತ್ತಾನೆ, ಮಧ್ಯದಲ್ಲಿ ಜಾಗ ಬಿಡುತ್ತಾನೆ. ಪಾಸ್ ಹಾಕಲು ಸಮಯ ಸಿಗುತ್ತದೆ.

ಸರಸ್ವತಿಪುರಂ_ಶ್ರುತಿ

ಆ 60 ನಿಮಿಷದೊಳಗೆ ಗೋಲು ತಿಂದಿದ್ದರೆ? ಕೆಳಗಿನ ತಂಡ 0-1 ಹಿಂದೆ ಬಿದ್ದರೆ ಎದುರಾಳಿ ಬಾಗಿಲು ಹಾಕಿಕೊಂಡು ಕೂರುತ್ತಾನೆ, ಜಾಗ ಬಿಡುವುದೇ ಇಲ್ಲ. ನಮ್ಮ ನೆಲದಲ್ಲಿ ಆಡುವಾಗಲಾದರೂ ಅವರನ್ನು ಮೊದಲಿಂದ ಆಡಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಹೊರಗಿನ ಮ್ಯಾಚ್‌ಗೆ ನಿಮ್ಮ ಮಾತು ಒಪ್ಪುತ್ತೇನೆ.

ಮದ್ದೂರು_ಎಕ್ಸ್‌ಪ್ರೆಸ್

ನನ್ನದೊಂದು ಅನುಮಾನ. ನಾನು ಶಿಫ್ಟ್ ಕೆಲಸ ಮಾಡುವವನು, ಎಲ್ಲ ಮ್ಯಾಚ್ ಆಡಲು ಆಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಸಿಮ್ ಮಾಡುತ್ತೇನೆ. ನನ್ನ ತಂಡ ಸಿಮ್‌ನಲ್ಲಿ ಗೆಲ್ಲುತ್ತದೆ, ಕೈಯಲ್ಲಿ ಆಡಿದರೆ ಸೋಲುತ್ತದೆ. ಇದಕ್ಕೂ ರೋಲೇ ಕಾರಣವಾ? ನನ್ನದು 4-2-3-1, ಫಾಲ್ಸ್‌ಬ್ಯಾಕ್ ಇಬ್ಬರು.

ಚಾಮುಂಡಿ_ತಪ್ಪಲು (ಮೈಸೂರು)

ಸಿಮ್ ಫಲಿತಾಂಶ ನೋಡಿ ಟ್ಯಾಕ್ಟಿಕ್ಸ್ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ. ಪಾಸ್ ಎಲ್ಲಿ ತಪ್ಪಿತು, ಯಾರ ಹಿಂದೆ ಜಾಗ ಇತ್ತು ಅನ್ನುವುದು ಅಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ಆಡಿದಾಗ ಸೋಲುತ್ತಿದ್ದರೆ ಆ ಫಾಲ್ಸ್‌ಬ್ಯಾಕ್‌ಗಳನ್ನು ಮೊದಲು ನೋಡಿ. ಚೆಂಡು ನಮ್ಮ ಹತ್ತಿರ ಇದ್ದಾಗ ಅವರು ಪಕ್ಕ ಬಿಟ್ಟು ಮಿಡ್‌ಫೀಲ್ಡ್ ಒಳಗೆ ಬರುತ್ತಾರೆ. ಅಲ್ಲಿ ಬಂದು ಪಾಸ್ ಆಡಲು ಗೊತ್ತಿರಬೇಕು. ಕೆಳಗಿನ ಲೀಗ್‌ನ ಫುಲ್‌ಬ್ಯಾಕ್‌ಗೆ ಶಾರ್ಟ್ ಪಾಸ್ 55 ಇದ್ದರೆ ಮಧ್ಯದಲ್ಲಿ ಚೆಂಡು ಕಳೆದುಕೊಳ್ಳುತ್ತಾನೆ, ಅದೇ ಹೊತ್ತಿಗೆ ಪಕ್ಕವೂ ಖಾಲಿ. ಒಬ್ಬನನ್ನಾದರೂ ಫುಲ್‌ಬ್ಯಾಕ್ ಮಾಡಿ ನೋಡಿ.

ಸಕ್ಕರೆನಾಡು_11 (ಮಂಡ್ಯ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾರಾಂತ್ಯದಲ್ಲಿ ಕರೆಂಟ್ ಕೈಕೊಡಲಿಲ್ಲ, ಚೆನ್ನಾಗಿ ಆಡಿದೆ. ಚಾಮುಂಡಿ_ತಪ್ಪಲು ಸರ್ ಹೇಳಿದ 4-4-2 ಹಾಗೇ ಹಾಕಿದೆ, ಲೈನ್ 45.

ಮೊದಲು ಕಣ್ಣಿಗೆ ಬಿದ್ದದ್ದು ಬಲಗಡೆ. ಎದುರಾಳಿ ಅದೇ ಉದ್ದ ಪಾಸ್ ಹಾಕುತ್ತಾನೆ, ಆದರೆ ಈಗ ರೈಟ್ ಬ್ಯಾಕ್ ಅಲ್ಲೇ ನಿಂತಿರುತ್ತಾನೆ. ಓಡುವ ಪ್ರಶ್ನೆಯೇ ಇಲ್ಲ, ತಲೆಯಿಂದ ವಾಪಸ್ ಕಳಿಸುತ್ತಾನೆ. ಸೆಂಟರ್ ಬ್ಯಾಕ್‌ಗಳು ತಿರುಗಿ ಓಡುವುದು ತಪ್ಪಿದೆ, ಚೆಂಡು ಅವರ ಮುಂದೆಯೇ ಬೀಳುತ್ತದೆ. ಗೋಲು ಬೀಳುವುದು ನಿಜಕ್ಕೂ ಕಡಿಮೆಯಾಗಿದೆ. ಒಂದು ಗೋಲು ಮಾತ್ರ ಎಡಗಡೆಯಿಂದ ಬಿತ್ತು. ಲೆಫ್ಟ್ ಬ್ಯಾಕ್ ಮೇಲೆ ಹೋಗಿದ್ದ, ಹೋಲ್ಡಿಂಗ್ ಆಳು ಆ ಜಾಗಕ್ಕೆ ಹೋಗುವಷ್ಟರಲ್ಲಿ ಕ್ರಾಸ್ ಬಂದಿತ್ತು.

ದಾಳಿಯಲ್ಲಿ ಒಂದು ಗೋಲು ಹೇಳಲೇಬೇಕು. ಬಲ ವಿಂಗರ್ ಕ್ರಾಸ್ ಹಾಕಿದ, ದೊಡ್ಡವನು ದೂರದ ಕಂಬದ ಹತ್ತಿರ ಎದ್ದು ತಲೆಯಿಂದ ಹಿಂದಕ್ಕೆ ಇಳಿಸಿದ. ಪೋಚರ್ ಹುಡುಗ ಇಬ್ಬರು ಡಿಫೆಂಡರ್‌ಗಳನ್ನು ಎಳೆದುಕೊಂಡು ಹತ್ತಿರದ ಕಂಬಕ್ಕೆ ಓಡಿದ್ದ. ಮಧ್ಯದ ಜಾಗ ಖಾಲಿ. ಬಾಕ್ಸ್-ಟು-ಬಾಕ್ಸ್ ಹುಡುಗ ಓಡಿ ಬಂದು ನೇರ ಹೊಡೆದ. ಹೀಗೆ ಆಗುತ್ತದೆ ಅಂತ ಇಲ್ಲಿ ಬರೆದಿದ್ದಿರಿ, ಅದೇ ತರಹ ಆಯಿತು.

ಆದರೆ ಈಗ ಡ್ರಾ ಜಾಸ್ತಿ. ನಮ್ಮ ನೆಲದಲ್ಲಿ 0-0, 1-1. ಎದುರಾಳಿ ಹಿಂದೆ ಕೂತುಬಿಟ್ಟರೆ ಏನೂ ತೋಚುವುದಿಲ್ಲ. ಸುಮ್ನೆ ಕ್ರಾಸ್ ಮೇಲೆ ಕ್ರಾಸ್. ಅವರ ಮೂರು ಜನ ನಮ್ಮ ದೊಡ್ಡವನನ್ನು ಸುತ್ತುವರಿದು ನಿಲ್ಲುತ್ತಾರೆ.

ಸರಸ್ವತಿಪುರಂ_ಶ್ರುತಿ

ನೋಡಿ, ಇದನ್ನೇ ನಾನು ಹೇಳಿದ್ದು. ನಿಮ್ಮ ನೆಲದ ಮುಂದಿನ ಮ್ಯಾಚ್‌ನಲ್ಲಿ ಹಿರಿಯರನ್ನು ಮೊದಲಿಂದ ಆಡಿಸಿ. ಕೂತ ಡಿಫೆನ್ಸ್ ಮುಂದೆ ಅವರು ಓಡಬೇಕಾದ್ದು ಕಡಿಮೆ, ಎದುರಾಳಿ ನಮ್ಮ ಕಡೆ ಬರುವುದೇ ಇಲ್ಲವಲ್ಲ. ಚೆಂಡನ್ನು ಬಲಗಡೆ ಎರಡು ಮೂರು ಪಾಸ್ ಆಡಿಸಿ ಎಲ್ಲರನ್ನೂ ಆ ಕಡೆ ಎಳೆಯಿರಿ. ಆಮೇಲೆ ಒಂದೇ ಪಾಸ್‌ನಲ್ಲಿ ಎಡಕ್ಕೆ ತಿರುಗಿಸಿ. ನಿಮ್ಮ ಲೆಫ್ಟ್ ಬ್ಯಾಕ್ ಅಲ್ಲಿ ಒಬ್ಬನೇ ಇರುತ್ತಾನೆ. ಆ ಪಾಸ್ ನಿಮ್ಮ ತಂಡದಲ್ಲಿ ಅವರಿಗೆ ಬಿಟ್ಟು ಬೇರೆ ಯಾರಿಗೂ ಬರುವುದಿಲ್ಲ.

ಚಾಮುಂಡಿ_ತಪ್ಪಲು (ಮೈಸೂರು)

ಎದುರಾಳಿ ಕೂತು ಆಡುವ ಮ್ಯಾಚ್‌ಗೆ ಶ್ರುತಿ ಅವರು ಹೇಳಿದ್ದು ಸರಿ. ಯಾರನ್ನು ಕೂರಿಸುತ್ತೀರಿ ಅನ್ನುವುದು ನೋಡಿಕೊಳ್ಳಿ. ಬಾಕ್ಸ್-ಟು-ಬಾಕ್ಸ್ ಹುಡುಗನನ್ನು ತೆಗೆಯಬೇಡಿ, ಹೋಲ್ಡಿಂಗ್ ಆಳನ್ನು ಕೂರಿಸಿ. ಹಿರಿಯರಿಗೆ ಡಿಫೆಂಡ್ ಫೋಕಸ್ ಕೊಟ್ಟು ಆ ಎಡಗಡೆಯ ಜಾಗದಲ್ಲೇ ಇಡಿ. ಆಗ ನಾಲ್ಕರ ಲೆಕ್ಕ ಉಳಿಯುತ್ತದೆ. ಟ್ಯಾಕಲ್ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಎಡಗಡೆ ಬಿದ್ದ ಆ ಗೋಲಿಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಹುಡುಗನನ್ನು ಮುಂದೆ ಬಿಟ್ಟರೆ ಒಂದಿಷ್ಟು ಬೆಲೆ ಕೊಡಲೇಬೇಕು. ಗೆಲ್ಲುತ್ತಿರುವಾಗ ಕೊನೆಯ 15 ನಿಮಿಷ ಮಾತ್ರ ಅವನನ್ನೂ ಫುಲ್‌ಬ್ಯಾಕ್, ಡಿಫೆಂಡ್ ಮಾಡಿಬಿಡಿ.

ಜನವರಿಗೆ ಎರಡೇ ಕೆಲಸ. ಒಂದು, 60ರ ಆಸುಪಾಸಿನ, ಸ್ಪ್ರಿಂಟ್ 65 ದಾಟಿದ ಸೆಂಟರ್ ಬ್ಯಾಕ್. ಸಾಲಕ್ಕೆ ಸಿಕ್ಕರೂ ಆಯಿತು. ಎರಡು, ಇನ್ನೊಬ್ಬ ಎತ್ತರದ ಸ್ಟ್ರೈಕರ್. ಈಗ ನಿಮ್ಮ ಆಟ ಪೂರ್ತಿ ಒಬ್ಬನ ತಲೆ ಮೇಲೆ ನಿಂತಿದೆ, ಅವನಿಗೆ ಪೆಟ್ಟಾದರೆ ಫಾರ್ಮೇಷನ್ನೇ ಬಿದ್ದುಹೋಗುತ್ತದೆ. ತಗೊಳ್ಳುವ ಮೊದಲು ಟಾರ್ಗೆಟ್ ಫಾರ್ವರ್ಡ್ ಪಕ್ಕ ಪ್ಲಸ್ ಇದೆಯಾ ನೋಡಿ. ಬರೀ ಎತ್ತರ ನೋಡಿ ತಗೊಂಡರೆ ಕೆಲಸಕ್ಕೆ ಬರುವುದಿಲ್ಲ. ಹೊಸ ರೋಲ್ ಕಲಿಸಿಕೊಳ್ಳುತ್ತೇನೆ ಅಂದರೆ ಸಮಯ ಹಿಡಿಯುತ್ತದೆ, ಸೀಸನ್ ಮಧ್ಯೆ ಅದಕ್ಕೆ ಕಾಯಲು ಆಗುವುದಿಲ್ಲ.

ಕುವೆಂಪುನಗರ_ಕೀಪರ್

ದೊಡ್ಡವನನ್ನು ಮೂರು ಜನ ಸುತ್ತುವರಿದರೆ ಅವನ ಫೋಕಸ್ ವೈಡ್ ಮಾಡಿ ನೋಡಿ ಗುರು. ಅವನು ಪಕ್ಕಕ್ಕೆ ಸರಿದು ಗಿಡ್ಡ ಫುಲ್‌ಬ್ಯಾಕ್ ಎದುರು ನಿಲ್ಲುತ್ತಾನೆ, ಹೆಡರ್ ಸುಲಭ. ನನ್ನ ಸೇವ್‌ನಲ್ಲಿ ಗೋಲ್ ಕಿಕ್‌ನಿಂದಲೇ ಆಟ ಶುರುವಾಗುತ್ತಿತ್ತು.

ಸರಸ್ವತಿಪುರಂ_ಶ್ರುತಿ

ಗೋಲ್ ಕಿಕ್‌ಗೆ ಚೆನ್ನಾಗಿದೆ. ಆದರೆ ಕ್ರಾಸ್ ಬರುವಾಗ ಅವನು ಪಕ್ಕದಲ್ಲಿದ್ದರೆ ಬಾಕ್ಸ್‌ನಲ್ಲಿ ಐದಡಿ ಎಂಟಿಂಚಿನ ಹುಡುಗ ಒಬ್ಬನೇ ಆಗುತ್ತಾನಲ್ಲ?

ಕುವೆಂಪುನಗರ_ಕೀಪರ್

ಅದು ಹೌದು. ಹೊರಗಿನ ಮ್ಯಾಚ್‌ಗೆ ಇಟ್ಟುಕೊಳ್ಳಬಹುದು, ಅಲ್ಲಿ ಹೇಗಿದ್ದರೂ ಕ್ರಾಸ್ ಕಡಿಮೆ.

ಸಕ್ಕರೆನಾಡು_11 (ಮಂಡ್ಯ)

ಅಪ್‌ಡೇಟ್. ನಮ್ಮ ನೆಲದಲ್ಲಿ ಹಿರಿಯರನ್ನು ಮೊದಲಿಂದ ಆಡಿಸಿದೆ, ಶ್ರುತಿ ಅಕ್ಕ ಹೇಳಿದ ಹಾಗೆ. 2-0 ಗೆದ್ದೆವು. ಮೊದಲ ಗೋಲು ಬಲದಿಂದ ಎಡಕ್ಕೆ ತಿರುಗಿಸಿದ ಆ ಉದ್ದ ಪಾಸ್‌ನಿಂದಲೇ ಬಂತು. ಲೆಫ್ಟ್ ಬ್ಯಾಕ್ ಹತ್ತಿರ ಯಾರೂ ಇರಲಿಲ್ಲ, ನೋಡಿ ಕ್ರಾಸ್ ಹಾಕಿದ. ಆದರೆ ಸರ್ ಹೇಳಿದ್ದೂ ನಿಜ, 55ನೇ ನಿಮಿಷಕ್ಕೆ ಹಿರಿಯರ ಸ್ಟ್ಯಾಮಿನಾ ಪಟ್ಟಿ ಕೆಂಪಿಗೆ ಬಂದಿತ್ತು. ಹೋಲ್ಡಿಂಗ್ ಆಳನ್ನು ಇಳಿಸಿದೆ. ಮಧ್ಯವಾರ ಮ್ಯಾಚ್ ಇದ್ದರೆ ಅವರು ಎರಡರಲ್ಲೂ ಆಡುವ ಹಾಗೆ ಕಾಣುವುದಿಲ್ಲ.

ಈಗ ಹೊಸ ತಲೆನೋವು. ಮೇಲಿನ ಲೀಗ್‌ನ ಒಂದು ಕ್ಲಬ್ ಆ ಲೆಫ್ಟ್ ಬ್ಯಾಕ್‌ಗೆ ಆಫರ್ ಕೊಟ್ಟಿದೆ. ನನ್ನ ಇಡೀ ಬಜೆಟ್‌ಗಿಂತ ಜಾಸ್ತಿ ದುಡ್ಡು. ಮಾರಿದರೆ ಸೆಂಟರ್ ಬ್ಯಾಕ್, ಸ್ಟ್ರೈಕರ್ ಇಬ್ಬರೂ ಬರುತ್ತಾರೆ, ಆದರೆ ಎಡಗಡೆಯ ಆಟ ಪೂರ್ತಿ ಹೋಗುತ್ತದೆ. ಏನು ಮಾಡಲಿ?

ಸರಸ್ವತಿಪುರಂ_ಶ್ರುತಿ

ಮಾರಬೇಡಿ. 20 ವಯಸ್ಸು, ಮುಂದಿನ ವರ್ಷ ಇನ್ನೂ ಬೆಳೆಯುತ್ತಾನೆ, ಬೆಲೆಯೂ ಏರುತ್ತದೆ.

ಚಾಮುಂಡಿ_ತಪ್ಪಲು (ಮೈಸೂರು)

ನಾನು ಮಾರುತ್ತಿದ್ದೆ, ಆದರೆ ಈ ಕಿಟಕಿಯಲ್ಲಲ್ಲ. ಈಗ ತಿರಸ್ಕರಿಸಿ, ಸೀಸನ್ ಮುಗಿದ ಮೇಲೆ ಮಾರಿ. ಜನವರಿಯಲ್ಲಿ ಅವನ ಜಾಗಕ್ಕೆ ವಿಂಗ್‌ಬ್ಯಾಕ್ ಪ್ಲಸ್ ಇರುವ ಇನ್ನೊಬ್ಬನನ್ನು ಹುಡುಕಲು ಸಮಯ ಸಾಲುವುದಿಲ್ಲ. ಇನ್ನು ಆ 33ರವರು ಮುಂದಿನ ವರ್ಷಕ್ಕೆ ಉಳಿಯುತ್ತಾರಾ, ಕಾಂಟ್ರಾಕ್ಟ್ ಎಲ್ಲಿಯವರೆಗೆ ಇದೆ ಅಂತ ನೋಡಿಕೊಂಡಿದ್ದೀರಾ?

ಸಕ್ಕರೆನಾಡು_11 (ಮಂಡ್ಯ)

ಈಗ ನೋಡಿದೆ ಸರ್. ಜೂನ್‌ಗೆ ಮುಗಿಯುತ್ತದೆ. ಆಫರ್ ತಿರಸ್ಕರಿಸಿದ್ದೇನೆ, ಹಿರಿಯರಿಗೆ ಇನ್ನೊಂದು ವರ್ಷದ ಮಾತುಕತೆ ಶುರು ಮಾಡುತ್ತೇನೆ. ಸೆಂಟರ್ ಬ್ಯಾಕ್‌ಗೆ ಸಾಲದ ಪಟ್ಟಿ ಹುಡುಕುತ್ತಿದ್ದೇನೆ, ಇಬ್ಬರು ಸಿಕ್ಕಿದ್ದಾರೆ. ಒಬ್ಬ ಸ್ಪ್ರಿಂಟ್ 71, ಆದರೆ ಡಿಫೆಂಡರ್ ರೋಲ್‌ಗೆ ಪ್ಲಸ್ ಇಲ್ಲ, ಸ್ಟಾಪರ್‌ಗೆ ಇದೆ. ಇನ್ನೊಬ್ಬ ಸ್ಪ್ರಿಂಟ್ 63, ಡಿಫೆಂಡರ್ ಪ್ಲಸ್.

ಚಾಮುಂಡಿ_ತಪ್ಪಲು (ಮೈಸೂರು)

63ರವನನ್ನು ತಗೊಳ್ಳಿ. ನಾನು ಹೇಳಿದ 65ಕ್ಕೆ ಎರಡು ಕಡಿಮೆ, ಪರವಾಗಿಲ್ಲ. ಸ್ಟಾಪರ್ ಲೈನ್ ಬಿಟ್ಟು ಮುಂದೆ ನುಗ್ಗುತ್ತಾನೆ, ಅವನ ಹಿಂದೆ ಉಳಿಯುವುದು ನಿಮ್ಮ 44 ಅಥವಾ 48.